ಊಟದ ಗಂಟೆಯಿಂದ ಹಿಂದಕ್ಕೆ

ಮೇಡಂ, ವಿಚಾರ ಸಂಕಿರಣದ ದಿನ ಫೆಬ್ರವರಿ 14, ಅದು ಬದಲಾಗದು ಎಂದಿದ್ದೀರಿ. ಹಾಗಿದ್ದರೆ ಅಲ್ಲಿಂದಲೇ ಹಿಂದಕ್ಕೆ ಎಣಿಸಿ. ಅಡುಗೆಯವರಿಗೆ ಊಟದ ಸಂಖ್ಯೆ ಫೆಬ್ರವರಿ 12ಕ್ಕೆ ತಿಳಿಸಬೇಕು. ಆಮಂತ್ರಣ ಪತ್ರಿಕೆ ಹತ್ತು ದಿನ ಮೊದಲು ಜನರ ಕೈಸೇರಬೇಕಾದರೆ ಜನವರಿ 28ಕ್ಕೆ ಅಚ್ಚಿಗೆ ಹೋಗಬೇಕು. ಭಾಷಣಕಾರರ ಲಿಖಿತ ಒಪ್ಪಿಗೆ ಅದಕ್ಕೂ ಮುಂಚೆ ಬರಬೇಕು. ‘ನೋಡೋಣ’ ಎಂದವರ ಹೆಸರನ್ನು ಅಚ್ಚು ಹಾಕಿಸಬೇಡಿ.

ಕಾರ್ಯಕ್ರಮದ ದಿನದ ವೇಳಾಪಟ್ಟಿಗೂ ಇದೇ ಲೆಕ್ಕ. ಊಟ 1.15ಕ್ಕೆ. ಮೂವರಿಗೆ ಇಪ್ಪತ್ತಿಪ್ಪತ್ತು ನಿಮಿಷ, ಚರ್ಚೆಗೆ ಇಪ್ಪತ್ತು ಎಂದರೆ ಗೋಷ್ಠಿ 11.55ಕ್ಕೆ ಶುರುವಾಗಬೇಕು. ಚಹಾ 11.40ಕ್ಕೆ, ನಲವತ್ತು ನಿಮಿಷದ ಆಶಯ ಭಾಷಣ 11ಕ್ಕೆ, ಉದ್ಘಾಟನೆ 10ಕ್ಕೆ. ಇನ್ನೂರು ಜನರ ನೋಂದಣಿಗೆ ತಲಾ ಅರ್ಧ ನಿಮಿಷ ಹಿಡಿದರೂ ಎರಡು ಮೇಜುಗಳಿಗೆ ಐವತ್ತು ನಿಮಿಷ ಬೇಕು, 9ಕ್ಕೇ ತೆರೆಯಿರಿ.

ಹಳಿ ತಪ್ಪುವುದು ಸಾಮಾನ್ಯವಾಗಿ ಉದ್ಘಾಟನೆಯಲ್ಲೇ. ಎಂಟು ಜನರಿಗೆ ಶಾಲು, ಹಾರ, ಫೋಟೊ ಅಂದರೆ ತಲಾ ಎರಡು ನಿಮಿಷದಂತೆ ಹದಿನಾರು ನಿಮಿಷ ಹೋಯಿತು! ಸನ್ಮಾನವನ್ನು ಸಮಾರೋಪಕ್ಕೆ ಸರಿಸಿ.

ನಿರೂಪಕರ ಕೈಯಲ್ಲಿ ಆಮಂತ್ರಣ ಸಾಲದು. ಪ್ರತಿ ಸಾಲಿನಲ್ಲೂ ಸಮಯ, ಯಾರು ವೇದಿಕೆಗೆ, ಯಾವ ಮೈಕು, ಯಾರು ಹೊಣೆ ಎಂದು ಬರೆದ ಹಾಳೆ ಕೊಡಿ. ಅದರ ಪ್ರತಿ ಮೈಕಿನವರಿಗೂ ಅಡುಗೆಯವರಿಗೂ ಇರಲಿ. 11.10ಕ್ಕೂ ಉದ್ಘಾಟನೆ ಮುಗಿಯದಿದ್ದರೆ ಚರ್ಚೆಯ ಹತ್ತು ನಿಮಿಷ ಕತ್ತರಿಸುವವರು ಯಾರೆಂದೂ ಅದರಲ್ಲೇ ಬರೆದಿಡಿ.