ಪೇ ಸ್ಲಿಪ್ ತೆರೆಯದ ಆ ರಾತ್ರಿ

ಸ್ಕಾಲರ್‌ಶಿಪ್ ಅರ್ಜಿಗೆ ಮರುದಿನವೇ ಕೊನೆಯ ದಿನ. ನಮ್ಮ ಹಾಸ್ಟೆಲ್ ರೂಮಿನ ಗೆಳೆಯನೊಬ್ಬ ಅಪ್ಪನ ಮೂರು ತಿಂಗಳ ಪೇ ಸ್ಲಿಪ್ ಅಪ್‌ಲೋಡ್ ಮಾಡಬೇಕಿತ್ತು. ಅಪ್ಪ ಕೆಲಸ ಮಾಡುವ ಕಾರ್ಖಾನೆಯಿಂದ ಬಂದ ಮೇಲ್ ಅನ್ನು ಹಾಗೆಯೇ ಫಾರ್ವರ್ಡ್ ಮಾಡಿದ್ದರು. ಫೋನಿಗೆ ಡೌನ್‌ಲೋಡ್ ಆಯಿತು, ಒತ್ತಿದ ಕೂಡಲೇ ಪಾಸ್‌ವರ್ಡ್ ಕೇಳಿತು. ಮೇಲ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಪಾಸ್‌ವರ್ಡ್ ನಿಮ್ಮ ಜನ್ಮದಿನಾಂಕ, `DDMMYYYY` ರೂಪದಲ್ಲಿ.

ಅಪ್ಪನ ಹುಟ್ಟುಹಬ್ಬ 1974ರ ಆಗಸ್ಟ್ 5 ಅಂತ ಗೆಳೆಯನಿಗೆ ಗೊತ್ತು. `05081974` ಹಾಕಿದ, ತೆರೆಯಲಿಲ್ಲ. `5081974` ಹಾಕಿದ, ಇಲ್ಲ. ನಡುವೆ ಗೆರೆ ಹಾಕಿ ನೋಡಿದ, ಅದೂ ಇಲ್ಲ. ಹತ್ತು ಸಲ ತಪ್ಪಾದ ಮೇಲೆ "ಇನ್ನು ಲಾಕ್ ಆಗಿಬಿಡುತ್ತೇನೋ" ಅಂತ ಹೆದರಿ ಫೋನ್ ಕೆಳಗಿಟ್ಟ.

ಲಾಕ್ ಆಗುವುದಿಲ್ಲ. ಯಾಕೆ ಅಂತ ತಿಳಿದರೆ ಈ ಪಾಸ್‌ವರ್ಡ್‌ಗಳ ಅರ್ಧ ಕಥೆ ತಿಳಿದ ಹಾಗೆ. ಬ್ಯಾಂಕ್ ಆ್ಯಪ್‌ನಲ್ಲಿ ನಾವು ಪಾಸ್‌ವರ್ಡ್ ಹಾಕಿದರೆ ಅದು ದೂರದ ಸರ್ವರ್‌ಗೆ ಹೋಗುತ್ತದೆ. ತಪ್ಪುಗಳನ್ನು ಎಣಿಸಿ ಬಾಗಿಲು ಹಾಕುವುದು ಆ ಸರ್ವರ್. ಪಿಡಿಎಫ್‌ಗೆ ಅಂಥ ಕಾವಲುಗಾರ ಯಾರೂ ಇಲ್ಲ. ಫೈಲ್‌ನ ಒಳಗಿನ ಬರಹವನ್ನೇ ಎನ್‌ಕ್ರಿಪ್ಟ್ ಮಾಡಿರುತ್ತಾರೆ. ನಾವು ಹಾಕಿದ ಪಾಸ್‌ವರ್ಡ್‌ನಿಂದ ಆ್ಯಪ್ ಲೆಕ್ಕ ಹಾಕುತ್ತದೆ, ಫಲಿತಾಂಶವನ್ನು ಫೈಲ್‌ನಲ್ಲೇ ಇಟ್ಟಿರುವ ಒಂದು ಪರೀಕ್ಷಾ ಮೌಲ್ಯದ ಜೊತೆ ಹೋಲಿಸುತ್ತದೆ. ಹೊಂದಿದರೆ ತೆರೆಯುತ್ತದೆ, ಇಲ್ಲದಿದ್ದರೆ ಮತ್ತೆ ಕೇಳುತ್ತದೆ. ಎಲ್ಲವೂ ಫೋನಿನಲ್ಲೇ ನಡೆಯುವ ಕೆಲಸ, ನೆಟ್ ಆಫ್ ಮಾಡಿದರೂ ನಡೆಯುತ್ತದೆ. ಅದಕ್ಕೇ ಅಲ್ಲಿ "ಪಾಸ್‌ವರ್ಡ್ ಮರೆತಿರಾ?" ಅನ್ನುವ ಬಟನ್ ಕೂಡ ಇರುವುದಿಲ್ಲ.

ಹಾಗಾದರೆ ಕಾರ್ಖಾನೆಯವರು ಜನ್ಮದಿನಾಂಕವನ್ನೇ ಯಾಕೆ ಇಟ್ಟರು? ಅವರ ಕಡೆಯಿಂದ ಯೋಚಿಸೋಣ. ತಿಂಗಳ ಕೊನೆಗೆ ಪೇರೋಲ್ ಸಾಫ್ಟ್‌ವೇರ್ ಸಾವಿರಾರು ಸ್ಲಿಪ್‌ಗಳನ್ನು ಒಂದೇ ಸಲ ತಯಾರಿಸುತ್ತದೆ. ಒಬ್ಬರದು ಇನ್ನೊಬ್ಬರಿಗೆ ತೆರೆಯಬಾರದು, ಆದ್ದರಿಂದ ಪ್ರತಿಯೊಂದಕ್ಕೂ ಬೇರೆ ಪಾಸ್‌ವರ್ಡ್ ಬೇಕು. ಅದನ್ನು ಅದೇ ಮೇಲ್‌ನಲ್ಲಿ ಬರೆದು ಕಳಿಸಿದರೆ ಬೀಗದ ಮೇಲೇ ಕೀಲಿ ನೇತುಹಾಕಿದಂತೆ. ಬೇರೆ ದಾರಿಯಲ್ಲಿ ತಿಂಗಳು ತಿಂಗಳು ಕಳಿಸುವುದು ದೊಡ್ಡ ತಲೆನೋವು. ಉಳಿಯುವ ಉಪಾಯ ಒಂದೇ: ಇಬ್ಬರಿಗೂ ಮೊದಲೇ ಗೊತ್ತಿರುವ, ಬದಲಾಗದ, ಕಂಪನಿಯ ಡೇಟಾಬೇಸ್‌ನಲ್ಲಿ ಈಗಾಗಲೇ ಇರುವ ಒಂದು ಸಂಗತಿ. ಜನ್ಮದಿನಾಂಕ, ಪ್ಯಾನ್, ಎಂಪ್ಲಾಯಿ ನಂಬರ್ ಇವು ಮೂರೂ ಹಾಗಿರುವಂಥವು. ಆಗ ಕಳಿಸಬೇಕಾದದ್ದು ಪಾಸ್‌ವರ್ಡ್ ಅಲ್ಲ, ಅದನ್ನು ಕಟ್ಟುವ ನಿಯಮ ಮಾತ್ರ. ನಿಯಮವನ್ನು ಯಾರು ಓದಿದರೂ ತೊಂದರೆ ಇಲ್ಲ ಅನ್ನುವುದು ಅವರ ಲೆಕ್ಕ.

ಇ-ಆಧಾರ್‌ನದೂ ಇದೇ ರೀತಿ: ಹೆಸರಿನ ಮೊದಲ ನಾಲ್ಕು ಅಕ್ಷರ ಕ್ಯಾಪಿಟಲ್‌ನಲ್ಲಿ, ನಂತರ ಹುಟ್ಟಿದ ವರ್ಷ. ಹೆಸರು SURESH KUMAR, ವರ್ಷ 1990 ಆದರೆ `SURE1990`. ಇನಿಷಿಯಲ್ ಮುಂದಿದ್ದರೆ ಚುಕ್ಕಿಯೂ ಲೆಕ್ಕಕ್ಕೆ ಬರುತ್ತದೆ: P. KUMAR ಅಂತಿದ್ದರೆ `P.KU1990`. ಸುರೇಶ, ಕುಮಾರ ಅಂತ ನಾವು ಮನೆಯಲ್ಲಿ ಹೇಗೆ ಕರೆದರೂ, ದಾಖಲೆಯಲ್ಲಿ ಹೇಗೆ ಅಚ್ಚಾಗಿದೆಯೋ ಹಾಗೆಯೇ ಹಾಕಬೇಕು.

ಗೆಳೆಯನ ತೊಡಕು ಇದ್ದದ್ದೂ ಇಲ್ಲೇ. ಕೊನೆಗೆ ಅಪ್ಪನಿಗೇ ಫೋನ್ ಮಾಡಿದ.

"ಅಪ್ಪಾ, ನಿಮ್ಮ ಹುಟ್ಟಿದ ತಾರೀಖು ಆಗಸ್ಟ್ ಐದು ಅಲ್ಲೇನು?"

"ಅದು ಮನ್ಯಾಗಿನ ತಾರೀಖಪ್ಪ. ಸಾಲ್ಯಾಗ ಮಾಸ್ತರು ಜೂನ್ ಒಂದು ಅಂತ ಬರದಾರ. ಕೆಲಸದ ಕಾಗದದಾಗೂ ಅದ ಐತಿ."

`01061974` ಹಾಕಿದ ಕೂಡಲೇ ಸ್ಲಿಪ್ ತೆರೆಯಿತು. ನಮ್ಮ ಅಪ್ಪ-ಅಮ್ಮಂದಿರ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಹೀಗೆ ತಾರೀಖು ಬರೆಸಿದ್ದು ಎಷ್ಟೋ ಮನೆಗಳಲ್ಲಿ ಇದೆ. ಸಾಫ್ಟ್‌ವೇರ್‌ಗೆ ಹುಟ್ಟುಹಬ್ಬ ಗೊತ್ತಿಲ್ಲ, ದಾಖಲೆ ಮಾತ್ರ ಗೊತ್ತು. ಹಾಗೆಯೇ ದಾಖಲೆಯನ್ನು ಆಮೇಲೆ ತಿದ್ದಿಸಿದರೂ ಹಳೆಯ ಸ್ಲಿಪ್‌ಗಳ ಪಾಸ್‌ವರ್ಡ್ ಬದಲಾಗುವುದಿಲ್ಲ. ಆ ಫೈಲ್ ತಯಾರಾದ ದಿನ ಏನಿತ್ತೋ ಅದೇ.

ದಾಖಲೆಯ ತಾರೀಖು ಹಾಕಿದರೂ ತೆರೆಯದಿದ್ದರೆ ಟೈಪ್ ಮಾಡಿದ್ದನ್ನು ನೋಡಬೇಕು. ಪಾಸ್‌ವರ್ಡ್ ಪೆಟ್ಟಿಗೆಯ ಪಕ್ಕ ಕಣ್ಣಿನ ಗುರುತಿದ್ದರೆ ಒತ್ತಿ, ಬರೆದದ್ದು ಕಾಣುತ್ತದೆ. ಮೇಲ್‌ನಿಂದ ಕಾಪಿ-ಪೇಸ್ಟ್ ಮಾಡಿದ್ದರೆ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿರಬಹುದು. ಪ್ಯಾನ್ ಆಗಿದ್ದರೆ ಒಂದು ಸಲ ಕ್ಯಾಪಿಟಲ್, ಒಂದು ಸಲ ಸಣ್ಣಕ್ಷರ ಪ್ರಯತ್ನಿಸಿ. ಎರಡೂ ಬೇರೆ ಪಾಸ್‌ವರ್ಡ್‌ಗಳು. ಕೀಬೋರ್ಡ್ ಕನ್ನಡದಲ್ಲಿದ್ದು `೦೧` ಅಂತ ಬಂದಿದ್ದರೆ ಅದು `01` ಅಲ್ಲ. ನಮಗೆ ಅರ್ಥ ಒಂದೇ, ಕಂಪ್ಯೂಟರ್‌ಗೆ ಬೇರೆ ಅಕ್ಷರಗಳು. ಇನ್ನು ಪಾಸ್‌ವರ್ಡ್ ಕೇಳದೆಯೇ "ಫೈಲ್ ತೆರೆಯಲಾಗದು" ಅಂದರೆ ತೊಂದರೆ ಬೀಗದ್ದಲ್ಲ. ಡೌನ್‌ಲೋಡ್ ಅರ್ಧಕ್ಕೆ ನಿಂತಿರಬಹುದು, ಅಥವಾ ಮೇಲ್ ಆ್ಯಪ್‌ನ ಪ್ರಿವ್ಯೂಗೆ ಎನ್‌ಕ್ರಿಪ್ಟ್ ಆದ ಫೈಲ್ ಓದಲು ಬರದಿರಬಹುದು. ಫೋನಿಗೆ ಸೇವ್ ಮಾಡಿ ಬೇರೆ ಪಿಡಿಎಫ್ ಆ್ಯಪ್‌ನಲ್ಲಿ ತೆರೆದು ನೋಡಿ.

ಸ್ಲಿಪ್ ತೆರೆದರೂ ಕೆಲಸ ಮುಗಿಯಲಿಲ್ಲ. ಬೀಗ ಹಾಕಿದ ಫೈಲ್ ಅಪ್‌ಲೋಡ್ ಮಾಡಿದರೆ ಅರ್ಜಿ ನೋಡುವವರಿಗೆ ಅದು ತೆರೆಯುವುದಿಲ್ಲ. ಬೀಗವಿಲ್ಲದ ಪ್ರತಿ ಬೇಕಿತ್ತು. ಲ್ಯಾಪ್‌ಟಾಪ್‌ನಲ್ಲಿ `qpdf` ಇತ್ತು, ಒಂದೇ ಸಾಲು ಸಾಕಾಯಿತು:

```
qpdf --password=01061974 --decrypt slip.pdf open.pdf
```

ಲ್ಯಾಪ್‌ಟಾಪ್ ಇಲ್ಲದವರು ಫೋನಿನ ಪಿಡಿಎಫ್ ಆ್ಯಪ್‌ನಲ್ಲೇ ಫೈಲ್ ತೆರೆದು, ಪ್ರಿಂಟ್ ಒತ್ತಿ, ಪ್ರಿಂಟರ್ ಬದಲು ಪಿಡಿಎಫ್ ಆಗಿ ಸೇವ್ ಮಾಡಬಹುದು. ಫೈಲ್ ಮಾಡಿದವರು ಪ್ರಿಂಟ್‌ಗೆ ತಡೆ ಹಾಕಿದ್ದರೆ ಮಾತ್ರ ಇದು ಆಗುವುದಿಲ್ಲ. "ಅನ್‌ಲಾಕ್ ಮಾಡಿಕೊಡುತ್ತೇವೆ" ಅನ್ನುವ ವೆಬ್‌ಸೈಟ್‌ಗೆ ಹಾಕುವ ಮುನ್ನ ಸ್ಲಿಪ್‌ನಲ್ಲಿ ಏನೇನಿದೆ ನೋಡಿ: ಹೆಸರು, ಸಂಬಳ, ಪ್ಯಾನ್, ಪಿಎಫ್ ನಂಬರ್, ಬ್ಯಾಂಕ್ ಖಾತೆ. ಅಪ್ಪನ ಅಷ್ಟೂ ವಿವರವನ್ನು, ಪಾಸ್‌ವರ್ಡ್ ಸಮೇತ, ಗುರುತಿಲ್ಲದವರ ಕೈಗೆ ಕೊಟ್ಟ ಹಾಗೆ.

ಕೆಲಸ ಮುಗಿದ ಮೇಲೆ ನಮ್ಮಲ್ಲೊಬ್ಬ ಕೇಳಿದ: "ಹತ್ತು ಸಲ ತಪ್ಪು ಹಾಕಿದರೂ ಏನೂ ಆಗಲಿಲ್ಲ. ಹತ್ತು ಸಾವಿರ ಸಲ ಹಾಕಿದರೆ?" ಲೆಕ್ಕ ಹಾಕಿ ನೋಡಿದೆವು. ನೌಕರ 1970ರಿಂದ 2005ರ ಒಳಗೆ ಹುಟ್ಟಿದವನು ಅಂದುಕೊಳ್ಳೋಣ. 36 ವರ್ಷ, ಅಧಿಕ ವರ್ಷಗಳೂ ಸೇರಿ 13,149 ದಿನ. ಅಂದರೆ ಸಾಧ್ಯವಿರುವ ಪಾಸ್‌ವರ್ಡ್‌ಗಳು ಅಷ್ಟೇ. ಒಂದು ಪ್ರೋಗ್ರಾಂ ಸೆಕೆಂಡಿಗೆ ಬರೀ ನೂರು ಪ್ರಯತ್ನ ಮಾಡಿದರೂ ಎರಡೂಕಾಲು ನಿಮಿಷದೊಳಗೆ ಪಟ್ಟಿ ಮುಗಿಯುತ್ತದೆ. `SURE1990` ರೀತಿಯದು ನೋಡಲು ಗಟ್ಟಿ. ಆದರೆ ಫೈಲ್‌ನ ಹೆಸರಲ್ಲೇ ವ್ಯಕ್ತಿಯ ಹೆಸರಿದ್ದರೆ ಊಹಿಸಲು ಉಳಿಯುವುದು ವರ್ಷ ಮಾತ್ರ, ಅಂದರೆ 36 ಪ್ರಯತ್ನ. ಎನ್‌ಕ್ರಿಪ್ಶನ್ ಎಇಎಸ್-256 ಆಗಿದ್ದರೂ ಇಲ್ಲಿ ಪ್ರಯೋಜನವಿಲ್ಲ. ಬೀಗ ಉಕ್ಕಿನದು, ಆದರೆ ಕೀಲಿ ಯಾವುದೆಂದು ಊಹಿಸುವುದು ಸುಲಭ.

ಆದ್ದರಿಂದ ಈ ಪಾಸ್‌ವರ್ಡ್ ಮಾಡುವ ಕೆಲಸ ಚಿಕ್ಕದು: ತಪ್ಪು ವಿಳಾಸಕ್ಕೆ ಹೋದ ಮೇಲ್ ಅನ್ನು ಯಾರೋ ಸುಮ್ಮನೆ ಒತ್ತಿ ನೋಡದಂತೆ ತಡೆಯುವುದು. ಬೇಕಂತಲೇ ಕೂತು ತೆರೆಯುವವರನ್ನು ತಡೆಯುವ ಶಕ್ತಿ ಅದಕ್ಕಿಲ್ಲ. "ಹೇಗೂ ಪಾಸ್‌ವರ್ಡ್ ಇದೆಯಲ್ಲ" ಅಂತ ಕ್ಲಾಸ್ ಗ್ರೂಪ್‌ಗೆ ಫೈಲ್ ಹಾಕಿ ಪ್ರಿಂಟ್ ತೆಗೆಸುವುದನ್ನು ನಾವಂತೂ ಬಿಟ್ಟಿದ್ದೇವೆ. ಗೆಳೆಯ ಆ ರಾತ್ರಿ ಅರ್ಜಿ ಸಲ್ಲಿಸಿ, `open.pdf` ಅನ್ನು ಅಳಿಸಿ, ಬೀಗವಿದ್ದದ್ದನ್ನೇ ಇಟ್ಟುಕೊಂಡ. ಜೂನ್ ಒಂದನ್ನೂ ನೆನಪಿಟ್ಟುಕೊಂಡ.