ಒಂದೇ ಹೊಲದ ಮೂರು ದರ್ಜೆಯ ಉಳ್ಳಾಗಡ್ಡಿ: ಖರ್ಚನ್ನು ಹಂಚುವ ಅಂಕ ಪದ್ಧತಿ

ಬಾಗಲಕೋಟೆ, ಹುನಗುಂದ, ಬಾದಾಮಿ ಭಾಗದ ಕಪ್ಪು ಭೂಮಿಯಲ್ಲಿ ಮುಂಗಾರಿನ ಉಳ್ಳಾಗಡ್ಡಿಯನ್ನು ಬಹಳ ಮಂದಿ ರೈತರು ಮಳೆಯ ಆಸರೆಯಲ್ಲೇ ಬೆಳೆಯುತ್ತಾರೆ. ಕಿತ್ತು, ಒಣಗಿಸಿ, ತಪ್ಪಲು ಕೊಯ್ದ ಮೇಲೆ ಗಡ್ಡೆಗಳು ಒಂದೇ ಗಾತ್ರದವಾಗಿರುವುದಿಲ್ಲ. ದಪ್ಪ, ಮಧ್ಯಮ, ಸಣ್ಣ ಎಂದು ಮೂರು ರಾಶಿಗಳಾಗುತ್ತವೆ. ಪೇಟೆಯಲ್ಲಿ ಮೂರಕ್ಕೂ ಮೂರು ದರ. ಹೀಗಿರುವಾಗ "ಒಂದು ಕ್ವಿಂಟಲ್ ಬೆಳೆಯಲು ನಿಮಗೆ ಎಷ್ಟು ಬಿತ್ತು?" ಎಂದು ಕೇಳಿದರೆ ರೈತರು ಸಾಮಾನ್ಯವಾಗಿ ಒಟ್ಟು ಖರ್ಚನ್ನು ಒಟ್ಟು ಕ್ವಿಂಟಲಿನಿಂದ ಭಾಗಿಸಿ ಒಂದು ಸರಾಸರಿಯನ್ನು ಹೇಳುತ್ತಾರೆ. ಈ ಸರಾಸರಿ ಎಲ್ಲಿ ದಾರಿ ತಪ್ಪಿಸುತ್ತದೆ, ಅದರ ಬದಲು ಅಂಕ ಪದ್ಧತಿಯಿಂದ ಲೆಕ್ಕ ಹಾಕುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಚಹಾ ಕಾರ್ಖಾನೆಯಲ್ಲಿ ಒಂದೇ ಎಲೆಯಿಂದ ಬರುವ ಹಲವು ದರ್ಜೆಗಳಿಗೂ, ಅಕ್ಕಿ ಗಿರಣಿಯಲ್ಲಿ ಬರುವ ಇಡಿ ಅಕ್ಕಿ ಮತ್ತು ನುಚ್ಚಿಗೂ ಇದೇ ಪದ್ಧತಿ ಅನ್ವಯಿಸುತ್ತದೆ.

ಕೂಡು ಖರ್ಚು ಎಂದರೇನು?

ಬೀಜ, ಗೊಬ್ಬರ, ಕಳೆ, ಔಷಧಿ, ಕೀಳುವ ಕೂಲಿ ಇವೆಲ್ಲ ಇಡೀ ಬೆಳೆಗೆ ಮಾಡಿದ ಖರ್ಚುಗಳು. ಇಂಥ ರೂಪಾಯಿ ದಪ್ಪ ಗಡ್ಡೆಗೆ, ಇಂಥದು ಸಣ್ಣದಕ್ಕೆ ಎಂದು ಬೇರ್ಪಡಿಸಲು ಬರುವುದಿಲ್ಲ. ವಿಂಗಡಣೆ ಮುಗಿಯುವವರೆಗಿನ ಈ ಖರ್ಚನ್ನು ಕೂಡು ಖರ್ಚು ಎನ್ನೋಣ. ವಿಂಗಡಿಸಿದ ಮೇಲೆ ಬರುವ ಚೀಲ, ಹಮಾಲಿ, ಲಾರಿ ಬಾಡಿಗೆಗಳು ಆಯಾ ದರ್ಜೆಯ ಸ್ವಂತ ಖರ್ಚು. ಇವೆರಡನ್ನೂ ಪುಸ್ತಕದಲ್ಲಿ ಬೇರೆ ಬೇರೆ ಪುಟದಲ್ಲಿ ಬರೆಯತಕ್ಕದ್ದು. ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಒಂದು ಎಕರೆಯ ಉದಾಹರಣೆ

ಪದ್ಧತಿಯನ್ನು ತಿಳಿಯಲೆಂದು ಸುಲಭದ ಸಂಖ್ಯೆಗಳನ್ನು ಹಿಡಿಯೋಣ. ಓದುಗರು ಇವುಗಳ ಜಾಗದಲ್ಲಿ ತಮ್ಮ ಸಂಖ್ಯೆಗಳನ್ನು ಹಾಕಿಕೊಳ್ಳಬೇಕು. ಒಂದು ಎಕರೆಯ ಕೂಡು ಖರ್ಚು, ಮನೆಯವರ ದುಡಿಮೆಯ ಕೂಲಿಯನ್ನೂ ಸೇರಿಸಿ, 58,500 ರೂಪಾಯಿ ಎಂದಿರಲಿ. ಒಣಗಿಸಿ ವಿಂಗಡಿಸಿದ ಮೇಲೆ ದಪ್ಪ ಗಡ್ಡೆ 25 ಕ್ವಿಂಟಲ್, ಮಧ್ಯಮ 20 ಕ್ವಿಂಟಲ್, ಸಣ್ಣದು 12 ಕ್ವಿಂಟಲ್, ಒಟ್ಟು 57 ಕ್ವಿಂಟಲ್ ಬಂದಿದೆ. ಕೊಳೆತು ಬಿಸಾಡಿದ್ದನ್ನು ಎಣಿಸಿಲ್ಲ.

ಸರಾಸರಿಯ ಪ್ರಕಾರ ಕ್ವಿಂಟಲಿಗೆ ಸುಮಾರು 1,026 ರೂಪಾಯಿ ಬೀಳುತ್ತದೆ. ಸಣ್ಣ ಗಡ್ಡೆಗೆ ಪೇಟೆಯಲ್ಲಿ 700 ರೂಪಾಯಿ ಇದ್ದರೆ, ಅದರಲ್ಲಿ ಕ್ವಿಂಟಲಿಗೆ 326 ರೂಪಾಯಿ ಲುಕ್ಸಾನು ಎಂದು ಕಾಣುತ್ತದೆ. ದಪ್ಪ ಗಡ್ಡೆಯಲ್ಲಿ ಇಲ್ಲದಷ್ಟು ಲಾಭ ಕಾಣುತ್ತದೆ. ಆದರೆ ಯಾವ ರೈತನೂ ಸಣ್ಣ ಗಡ್ಡೆ ಬರಲೆಂದು ಬೀಜ ಬಿತ್ತಿಲ್ಲ. ಪೇಟೆ ಯಾವುದಕ್ಕೆ ಹೆಚ್ಚು ಬೆಲೆ ಕೊಡುತ್ತದೆಯೋ ಅದಕ್ಕಾಗಿಯೇ ಖರ್ಚು ಮಾಡಿದ್ದು. ಆದ್ದರಿಂದ ಹೆಚ್ಚು ಬೆಲೆಯ ದರ್ಜೆ ಹೆಚ್ಚು ಖರ್ಚನ್ನು ಹೊರುವುದು ನ್ಯಾಯ.

ಅಂಕಗಳನ್ನು ಕೊಡುವುದು

ಮಧ್ಯಮ ದರ್ಜೆಗೆ ಕ್ವಿಂಟಲಿಗೆ 10 ಅಂಕ ಎಂದು ಹಿಡಿಯಿರಿ. ಮಧ್ಯಮ ಗಡ್ಡೆಗೆ 10 ರೂಪಾಯಿ ಸಿಕ್ಕುವಲ್ಲಿ ದಪ್ಪಕ್ಕೆ ಸಾಮಾನ್ಯವಾಗಿ 13, ಸಣ್ಣದಕ್ಕೆ 5 ಸಿಕ್ಕುತ್ತಿದ್ದರೆ, ಅವುಗಳ ಅಂಕ 13 ಮತ್ತು 5. ಈಗ ಪ್ರತಿ ದರ್ಜೆಯ ಕ್ವಿಂಟಲನ್ನು ಅದರ ಅಂಕದಿಂದ ಗುಣಿಸಬೇಕು.

ದಪ್ಪ: 25 × 13 = 325 ಅಂಕ
ಮಧ್ಯಮ: 20 × 10 = 200 ಅಂಕ
ಸಣ್ಣ: 12 × 5 = 60 ಅಂಕ
ಒಟ್ಟು: 585 ಅಂಕ

ಕೂಡು ಖರ್ಚು 58,500 ರೂಪಾಯಿಯನ್ನು 585ರಿಂದ ಭಾಗಿಸಿದರೆ ಒಂದು ಅಂಕಕ್ಕೆ 100 ರೂಪಾಯಿ. ಅಂದರೆ ದಪ್ಪ ಗಡ್ಡೆ ಕ್ವಿಂಟಲಿಗೆ 1,300, ಮಧ್ಯಮ 1,000, ಸಣ್ಣದು 500 ರೂಪಾಯಿ ಖರ್ಚನ್ನು ಹೊರುತ್ತದೆ. ಲೆಕ್ಕ ಸರಿಯೇ ಎಂದು ತಾಳೆ ನೋಡಲು ಮೂರನ್ನೂ ತಿರುಗಿ ಕೂಡಿಸಿರಿ: 32,500, 20,000 ಮತ್ತು 6,000 ಸೇರಿ 58,500 ರೂಪಾಯಿಯೇ ಬರಬೇಕು.

ಇದಾದ ಮೇಲೆ ಸ್ವಂತ ಖರ್ಚನ್ನು ಸೇರಿಸಿರಿ. ದಪ್ಪ ಮತ್ತು ಮಧ್ಯಮ ಗಡ್ಡೆಯನ್ನು ದೂರದ ಪೇಟೆಗೆ ಕಳಿಸಲು ಕ್ವಿಂಟಲಿಗೆ 240 ರೂಪಾಯಿ, ಸಣ್ಣದನ್ನು ಹತ್ತಿರದ ಪೇಟೆಗೆ ಒಯ್ಯಲು 120 ರೂಪಾಯಿ ಆಯಿತೆನ್ನೋಣ. ಆಗ ಮೂರರ ಪೂರ್ಣ ಖರ್ಚು ಕ್ರಮವಾಗಿ 1,540, 1,240 ಮತ್ತು 620 ರೂಪಾಯಿ. ಮಾರಿದ ದರ 1,800, 1,350 ಮತ್ತು 700 ಆಗಿದ್ದರೆ ಉಳಿಯುವುದು ಕ್ವಿಂಟಲಿಗೆ 260, 110 ಮತ್ತು 80 ರೂಪಾಯಿ. ಸರಾಸರಿಯಲ್ಲಿ ಲುಕ್ಸಾನಿನಂತೆ ಕಂಡ ಸಣ್ಣ ಗಡ್ಡೆಯೂ ತನ್ನ ಪಾಲಿನ ಖರ್ಚನ್ನು ತೀರಿಸಿದೆ.

ಅಂಕಗಳು ಎಲ್ಲಿಂದ ಬರಬೇಕು?

ಪದ್ಧತಿಯ ಗಟ್ಟಿತನವೂ ದೌರ್ಬಲ್ಯವೂ ಅಂಕಗಳಲ್ಲಿಯೇ ಇದೆ. ಇವತ್ತಿನ ದರದಿಂದಲೇ ಅಂಕ ಮಾಡಿದರೆ ಖರ್ಚು ದರದ ಹಿಂದೆಯೇ ಓಡುತ್ತದೆ. ಆಗ ಮೂರೂ ದರ್ಜೆಗಳಲ್ಲಿ ಕೂಡು ಖರ್ಚಿನ ಮೇಲೆ ನೂರಕ್ಕೆ ಇಷ್ಟು ಎಂಬ ಒಂದೇ ಪ್ರಮಾಣದ ಲಾಭ ಕಾಣುತ್ತದೆ, ಹೊಸದೇನೂ ತಿಳಿಯುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಹೀಗೆ ಕಂಡುಬಂದರೆ ಅಂಕ ಮಾಡಿದ್ದರಲ್ಲಿ ತಪ್ಪಾಗಿದೆ ಎಂದು ತಿಳಿಯಿರಿ.

ಉಳ್ಳಾಗಡ್ಡಿಯ ದರ ನಿಲ್ಲುವಂಥದಲ್ಲ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ರಫ್ತನ್ನು ನಿಷೇಧಿಸಿದಾಗ ದರ ಕುಸಿದದ್ದನ್ನು ರೈತರು ಮರೆತಿಲ್ಲ. ಆ ನಿಷೇಧ 2024ರ ಮೇ ತಿಂಗಳವರೆಗೆ ಇತ್ತು. ಆದ್ದರಿಂದ ದರವನ್ನಲ್ಲ, ದರ್ಜೆ ದರ್ಜೆಗಳ ನಡುವಿನ ಪ್ರಮಾಣವನ್ನು ಹಿಡಿಯಬೇಕು. ಕಳೆದ ಮೂರರಿಂದ ಐದು ವರ್ಷಗಳ ನಿಮ್ಮ ಮಾರಾಟದ ಪಟ್ಟಿಗಳನ್ನು ತೆಗೆದು, ಒಂದೇ ದಿನ ಒಂದೇ ಪೇಟೆಯಲ್ಲಿ ಮೂರು ದರ್ಜೆಗೆ ಸಿಕ್ಕ ದರಗಳನ್ನು ಹೋಲಿಸಿ, ಆ ಪ್ರಮಾಣಗಳ ಸರಾಸರಿಯಿಂದ ಅಂಕ ಮಾಡಿರಿ. ಒಮ್ಮೆ ಮಾಡಿದ ಅಂಕವನ್ನು ಕೆಲವು ವರ್ಷ ಬದಲಿಸಬಾರದು. ಬದಲಿಸಿದರೆ ಹಿಂದಿನ ವರ್ಷದ ಜೊತೆ ಹೋಲಿಸಲು ಬರುವುದಿಲ್ಲ.

ಈ ಲೆಕ್ಕದ ನಿಜವಾದ ಉಪಯೋಗ

ಕೂರಿಗೆಯಿಂದಾಗಲಿ ಚೆಲ್ಲಿಯಾಗಲಿ ಬೀಜವನ್ನೇ ನೇರವಾಗಿ ಬಿತ್ತಿದ ಹೊಲದಲ್ಲಿ ಸಸಿಗಳು ಒತ್ತಾಗಿ ಏಳುತ್ತವೆ. ಒತ್ತಾದಲ್ಲಿ ಗಡ್ಡೆ ದಪ್ಪವಾಗುವುದಿಲ್ಲ. ಎಳೆಯದಿರುವಾಗಲೇ ಹೆಚ್ಚಿನ ಸಸಿಗಳನ್ನು ಕಿತ್ತು, ಸಾಲಿನಲ್ಲಿ ಸಸಿಯಿಂದ ಸಸಿಗೆ ಸುಮಾರು 10 ಸೆಂ.ಮೀ. ಅಂತರ ಉಳಿಸಿದರೆ ದಪ್ಪ ಗಡ್ಡೆಯ ಪಾಲು ಏರುತ್ತದೆ. ಆದರೆ ಕೂಲಿ ಬೀಳುತ್ತದೆ, ಒಟ್ಟು ತೂಕ ಕೆಲವೊಮ್ಮೆ ತುಸು ಇಳಿಯಲೂಬಹುದು. ಹಾಗಾದರೆ ಇದು ಲಾಭವೋ ನಷ್ಟವೋ?

ಮರುವರ್ಷ ಅದೇ ಎಕರೆಯಲ್ಲಿ ಉಳಿದ ಖರ್ಚು ಮೊದಲಿನಷ್ಟೇ ಇದ್ದು, ಸಸಿ ತೆಳುಗೊಳಿಸಲು 2,000 ರೂಪಾಯಿ ಹೆಚ್ಚಿಗೆ ಕೊಟ್ಟರೆಂದು ಭಾವಿಸೋಣ. ಕೂಡು ಖರ್ಚು 60,500 ಆಯಿತು. ದಪ್ಪ 30, ಮಧ್ಯಮ 18, ಸಣ್ಣ 8, ಒಟ್ಟು 56 ಕ್ವಿಂಟಲ್ ಬಂತು. ಸರಾಸರಿಯ ಪ್ರಕಾರ ಖರ್ಚು ಕ್ವಿಂಟಲಿಗೆ 1,026ರಿಂದ 1,080 ರೂಪಾಯಿಗೆ ಏರಿದೆ. ಇಳುವರಿಯೂ ಒಂದು ಕ್ವಿಂಟಲ್ ಕಡಿಮೆ. ಈ ಎರಡನ್ನೇ ನೋಡಿದ ರೈತ ಇನ್ನೆಂದೂ ಸಸಿ ಕೀಳಿಸಲಾರ.

ಅಂಕದಿಂದ ನೋಡಿರಿ. 30 × 13, 18 × 10, 8 × 5 ಕೂಡಿದರೆ 390, 180 ಮತ್ತು 40, ಒಟ್ಟು 610 ಅಂಕ. ಒಂದು ಅಂಕಕ್ಕೆ ಬಿದ್ದದ್ದು 99 ರೂಪಾಯಿ ಚಿಲ್ಲರೆ. ಅಂದರೆ ಖರ್ಚು ಏರಿಲ್ಲ, ತುಸು ಇಳಿದಿದೆ. ಜೊತೆಗೆ ಮಾರಲು 25 ಅಂಕಗಳಷ್ಟು ಹೆಚ್ಚು ಮಾಲು ಬಂದಿದೆ. ಆದರೆ ಅದೇ ಕೆಲಸಕ್ಕೆ 2,500 ರೂಪಾಯಿಗಿಂತ ಹೆಚ್ಚು ಬಿದ್ದಿದ್ದರೆ ಅಂಕದ ಖರ್ಚು 100ನ್ನು ದಾಟುತ್ತಿತ್ತು. ಆಗ ಅಷ್ಟು ಕೂಲಿ ಕೊಡಬೇಕೇ ಎಂದು ಎರಡು ಸಲ ಯೋಚಿಸಬೇಕಾಗುತ್ತಿತ್ತು.

ಪಾಲುದಾರರ ನಡುವೆ ಖರ್ಚು ಹಂಚುವಾಗಲೂ, ಮಾರದೆ ಶೆಡ್ಡಿನಲ್ಲಿ ಉಳಿದ ಗಡ್ಡೆಗೆ ವರ್ಷದ ಕೊನೆಗೆ ಬೆಲೆ ಕಟ್ಟುವಾಗಲೂ ಇದೇ ಅಂಕದ ಖರ್ಚನ್ನು ಬಳಸಬಹುದು.

ಎಲ್ಲಿ ಬಳಸಬಾರದು?

ಸಣ್ಣ ಗಡ್ಡೆಯ ದರ 400 ರೂಪಾಯಿಗೆ ಬಿತ್ತೆನ್ನಿ. ಮೊದಲ ವರ್ಷದ ಲೆಕ್ಕದಂತೆ ಅದರ ಪೂರ್ಣ ಖರ್ಚು 620. ಹಾಗಾದರೆ ಬದುವಿನ ಮೇಲೆ ಸುರಿಯಬೇಕೇ? ಬಾರದು. 500 ರೂಪಾಯಿಯ ಕೂಡು ಖರ್ಚು ಆಗಿಹೋದದ್ದು. ಮಾರಿದರೂ ಸುರಿದರೂ ಅದು ತಿರುಗಿ ಬರುವುದಿಲ್ಲ. ಈಗ ನೋಡಬೇಕಾದದ್ದು ಮುಂದೆ ಮಾಡಬೇಕಾದ 120 ರೂಪಾಯಿಯನ್ನು ಮಾತ್ರ. 400ರಲ್ಲಿ 120 ಕಳೆದರೆ ಕ್ವಿಂಟಲಿಗೆ 280 ರೂಪಾಯಿ ಕೈಗೆ ಬರುತ್ತದೆ. 12 ಕ್ವಿಂಟಲಿಗೆ 3,360 ರೂಪಾಯಿ. ಸುರಿದವರು ಅಷ್ಟನ್ನು ಕಳೆದುಕೊಂಡಂತೆ. ದರವು 120ಕ್ಕಿಂತ ಕೆಳಗಿಳಿದರೆ ಮಾತ್ರ ಪೇಟೆಗೆ ಒಯ್ಯುವುದು ವ್ಯರ್ಥ. ಬೆಳೆದಾದ ಮೇಲೆ ಮಾರಬೇಕೇ ಬಿಡಬೇಕೇ ಎಂಬುದಕ್ಕೆ ಅಂಕದ ಖರ್ಚು ಉತ್ತರವಲ್ಲ. ಮುಂದಿನ ಹಂಗಾಮಿನಲ್ಲಿ ಹೇಗೆ ಬೆಳೆಯಬೇಕು ಎಂಬುದಕ್ಕೆ ಅದು ಉತ್ತರ.

ಲೆಕ್ಕ ಕೆಡುವ ಮೂರು ಕಡೆ

ಒಂದು, ತೂಕ ಮಾಡುವ ದಿನ. ಕಿತ್ತ ದಿನದ ಗಡ್ಡೆಯಲ್ಲಿ ನೀರು ಹೆಚ್ಚು, ಒಣಗಿದಂತೆ ತೂಕ ಇಳಿಯುತ್ತದೆ. ದಪ್ಪವನ್ನು ಹಸಿಯಾಗಿ ತೂಗಿ ಕಳಿಸಿ, ಸಣ್ಣದನ್ನು ಒಣಗಿದ ಮೇಲೆ ತೂಗಿದರೆ ಅಂಕಗಳು ಸುಳ್ಳಾಗುತ್ತವೆ. ಕುತ್ತಿಗೆ ಒಣಗಿದ ಮೇಲೆ ಮೂರೂ ರಾಶಿಗಳನ್ನು ಒಂದೇ ದಿನ ತೂಗತಕ್ಕದ್ದು.

ಎರಡು, ದರ್ಜೆಯ ಗಡಿ. ಈ ವರ್ಷ ದಪ್ಪ ಎಂದದ್ದನ್ನು ಮರುವರ್ಷ ಬೇರೆ ಆಳು ಮಧ್ಯಮಕ್ಕೆ ಹಾಕಿದರೆ ಬೇಸಾಯ ಬದಲಾಗದಿದ್ದರೂ ಅಂಕ ಬದಲಾಗುತ್ತದೆ. ಗಟ್ಟಿ ತಂತಿಯ ಎರಡು ಬಳೆಗಳನ್ನು, ನೀವು ಗೊತ್ತು ಮಾಡಿಕೊಂಡ ಅಳತೆಗೆ ಮಾಡಿಟ್ಟು, ಪ್ರತಿ ವರ್ಷ ಅವುಗಳಿಂದಲೇ ಪರೀಕ್ಷಿಸಿರಿ.

ಮೂರು, ಕೆಟ್ಟ ಮಾಲು. ಕೊಳೆತದ್ದಕ್ಕೆ ಅಂಕವಿಲ್ಲ, ಅದರ ಖರ್ಚನ್ನು ಒಳ್ಳೆಯ ಗಡ್ಡೆಯೇ ಹೊರುತ್ತದೆ. ಜೋಡುಗಡ್ಡೆ, ಹೂದಂಟು ಬಂದ ಗಡ್ಡೆಗಳನ್ನು ಅಗ್ಗಕ್ಕೆ ಮಾರಿ ನಾಲ್ಕು ಕಾಸು ಬಂದರೆ, ಅವಕ್ಕೆ ನಾಲ್ಕನೆಯ ದರ್ಜೆ ಮಾಡುವ ಬದಲು ಆ ಹಣವನ್ನು ಕೂಡು ಖರ್ಚಿನಿಂದ ಕಳೆಯಿರಿ. ಅಕ್ಕಿ ಗಿರಣಿಯವರು ತೌಡಿನ ಹಣವನ್ನು ಕಳೆಯುವುದೂ ಹೀಗೆಯೇ. ಆದರೆ ಶೆಡ್ಡಿನಲ್ಲಿಟ್ಟ ಮೇಲೆ ಕೊಳೆತದ್ದು ಬೇಸಾಯದ ನಷ್ಟವಲ್ಲ. ಅದನ್ನು ಇಟ್ಟ ದರ್ಜೆಯ ಸ್ವಂತ ಖರ್ಚಿನಲ್ಲಿ ಬರೆಯಬೇಕು.

ಈ ಹಂಗಾಮಿನ ಗಡ್ಡೆ ಒಣಗಿದ ಕೂಡಲೆ ಮೂರು ರಾಶಿಗಳ ತೂಕವನ್ನು ಬರೆದಿಟ್ಟುಕೊಂಡರೆ, ಮುಂದಿನ ಮುಂಗಾರಿನಲ್ಲಿ ಸಸಿ ತೆಳುಗೊಳಿಸಲು ಎಷ್ಟು ಕೂಲಿಯವರೆಗೆ ಹೋಗಬಹುದು ಎಂಬುದನ್ನು ಬಿತ್ತುವ ಮೊದಲೇ ಲೆಕ್ಕ ಹಾಕಬಹುದು.