ಕರೆಂಟ್ ಬಂತು, ನೆಟ್ ಬರಲಿಲ್ಲ: ಐದು ಲೇಯರ್, ಐದು ಪ್ರಶ್ನೆ

ವೈವಾದಲ್ಲಿ ಲೇಯರ್‌ಗಳ ಹೆಸರು ಎಲ್ಲರೂ ಹೇಳ್ತೀವಿ. "ಈ ಫಾಲ್ಟ್ ಯಾವ ಲೇಯರ್‌ದು?" ಅಂತ ಕೇಳಿದರೆ ಸುಮ್ಮನಾಗ್ತೀವಿ. ನನಗೆ ಈ ಪ್ರಶ್ನೆ ಬಂದಿದ್ದು ಲ್ಯಾಬಿನಲ್ಲಲ್ಲ, ಘಾಟಬೋರಾಳದ ಕಾಕಾ ಮನೆಯಿಂದ. ಸಂಜೆ ಕರೆಂಟ್ ಹೋಗಿ ಬಂದಿತ್ತು. ತಂಗಿಯ ಕಾಲೇಜು ಅರ್ಜಿಗೆ ಅವತ್ತೇ ಕೊನೆ ದಿನ. "ಅಣ್ಣಾ, ಎಲ್ಲಾ ಲೈಟ್ ಹತ್ಯಾವ, ಆದ್ರ ನೆಟ್ ಬರವಲ್ದು" ಅಂತ ಫೋನ್ ಮಾಡಿದಳು. ನಾನು ಹಾಸ್ಟೆಲ್‌ನಲ್ಲಿದ್ದೆ.

ಪುಸ್ತಕದ ಓಎಸ್‌ಐ ಮಾದರಿಯಲ್ಲಿ ಏಳು ಲೇಯರ್ ಇವೆ. ಫಾಲ್ಟ್ ಹುಡುಕೋಕೆ ಐದು ಸಾಕು. ಕೆಳಗಿನಿಂದ ಶುರು ಮಾಡೋಣ, ಯಾಕಂದ್ರೆ ಕೆಳಗಿನ ಲೇಯರ್ ಕೆಟ್ಟರೆ ಮೇಲಿನದು ಯಾವುದೂ ನಡೆಯಲ್ಲ.

ಪ್ರಶ್ನೆ 1: ಫಿಸಿಕಲ್ ಲೇಯರ್ ಕೆಟ್ಟಿದ್ದರೆ ಹೇಗೆ ಗೊತ್ತಾಗುತ್ತೆ?

ಫೈಬರ್ ಪೆಟ್ಟಿಗೆಯ ಎಲ್‌ಒಎಸ್ ದೀಪ ಕೆಂಪಾಗಿ ಮಿನುಗುತ್ತೆ. ಅಂದ್ರೆ ಬೆಳಕೇ ಒಳಗೆ ಬರ್ತಿಲ್ಲ. ದಾರಿಯಲ್ಲಿ ಫೈಬರ್ ತುಂಡಾಗಿರಬಹುದು, ಅಥವಾ ಕಪಾಟಿನ ಹಿಂದೆ ತುಂಬಾ ಬಾಗಿರಬಹುದು. ತಂಗಿ ನೋಡಿ ಹೇಳಿದಳು: "ಕೆಂಪು ಇಲ್ಲ." ಮೇಲಿನ ಲೇಯರ್‌ಗೆ ಹೋದ್ವಿ.

ಪ್ರಶ್ನೆ 2: ಡೇಟಾ ಲಿಂಕ್ ಲೇಯರ್ ಆದರೆ?

ಎಲ್‌ಒಎಸ್ ಆರಿದೆ, ಆದರೆ ಪಾನ್ ದೀಪ ಮಿನುಗುತ್ತಲೇ ಇದೆ. ಬೆಳಕು ಬಂದಿದೆ, ಆದರೆ ಆ ತುದಿಯ ಯಂತ್ರ ನಮ್ಮ ಪೆಟ್ಟಿಗೆಯನ್ನು ಇನ್ನೂ ನೋಂದಾಯಿಸಿಕೊಂಡಿಲ್ಲ. ಇಲ್ಲಿ ವೈರ್ ಅಲುಗಾಡಿಸಿ ಉಪಯೋಗ ಇಲ್ಲ, ಸೇವೆ ಕೊಡುವವರಿಗೇ ಹೇಳಬೇಕು. ಕಾಕಾ ಮನೆಯಲ್ಲಿ ಪಾನ್ ಹಸಿರಾಗಿ ನಿಂತಿತ್ತು.

ಪ್ರಶ್ನೆ 3: ನೆಟ್‌ವರ್ಕ್ ಲೇಯರ್‌ದು ಹೇಗೆ ಹಿಡಿಯೋದು?

ಅವಳ ಹತ್ರ ಡೆಸ್ಕ್‌ಟಾಪ್‌ನಲ್ಲಿ `ipconfig` ಹೊಡೆಸಿದೆ. ಓದಿ ಹೇಳಿದ್ದು ಇದು:

```
IPv4 Address    : 192.168.0.104
Default Gateway : 192.168.0.1
```

ಫೈಬರ್ ಪೆಟ್ಟಿಗೆಯ ವಿಳಾಸ `192.168.1.1`. ಹಾಗಾದ್ರೆ ಈ `0.1` ಯಾರು? ಕೇಳಿದರೆ, ಪಡಸಾಲೆಗೂ ವೈಫೈ ಬರಲಿ ಅಂತ ಕಾಕಾ ಒಂದು ಹಳೇ ರೂಟರ್ ಜೋಡಿಸಿದ್ದರು. ಫೈಬರ್ ಪೆಟ್ಟಿಗೆಯಿಂದ ಬಂದ ಕೇಬಲ್ಲನ್ನು ಅದರ ಲ್ಯಾನ್ ಪೋರ್ಟಿಗೆ ಹಾಕಿದ್ದರು. ಅದರ ಡಿಎಚ್‌ಸಿಪಿಯೂ ಆನ್ ಇತ್ತು. ಅಂದ್ರೆ ಒಂದೇ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರು. ಹಳೇದು "ಗೇಟ್‌ವೇ ನಾನೇ" ಅನ್ನುತ್ತೆ, ಆದರೆ ಅದಕ್ಕೆ ಹೊರಗೆ ದಾರಿ ಇಲ್ಲ.

ಇಷ್ಟು ದಿನ ಯಾಕೆ ನಡೀತು? ಒಮ್ಮೆ ವಿಳಾಸ ಸಿಕ್ಕಮೇಲೆ ಯಂತ್ರ ಕೊಟ್ಟವರ ಹತ್ರಾನೇ ಅದನ್ನು ನವೀಕರಿಸಿಕೊಳ್ಳುತ್ತೆ. ಕರೆಂಟ್ ಬಂದಾಗ ಎಲ್ಲಾ ಹೊಸದಾಗಿ ಶುರುವಾಯ್ತು. ಫೈಬರ್ ಪೆಟ್ಟಿಗೆ ಏಳೋಕೆ ಹೊತ್ತು ಹಿಡೀತು, ಹಳೇ ರೂಟರ್ ಮೊದಲು ಉತ್ತರ ಕೊಟ್ಟಿತು.

ರೂಟರ್ ಕೇಬಲ್ ಕಿತ್ತು, ಇವೆರಡನ್ನು ಹೊಡೆಸಿದೆ:

```
ipconfig /release
ipconfig /renew
```

ಗೇಟ್‌ವೇ `192.168.1.1` ಆಯ್ತು, `ping 8.8.8.8` ಉತ್ತರ ಕೊಟ್ಟಿತು. ಆಮೇಲೆ ಹಳೇ ರೂಟರ್‌ನ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ ಬೇರೆ ಯಾರಿಗೂ ಹಂಚದ ಒಂದು `192.168.1.x` ವಿಳಾಸ ಕೊಟ್ಟು ಮತ್ತೆ ಜೋಡಿಸಿದ್ವಿ.

"ಡಿಎಚ್‌ಸಿಪಿ ಅಪ್ಲಿಕೇಶನ್ ಲೇಯರ್‌ದಲ್ವಾ?" ಅಂತ ಯಾರಾದರೂ ಕೇಳಬಹುದು. ಹೌದು, ಪ್ರೊಟೊಕಾಲ್ ಅಲ್ಲಿಯದೇ. ಆದರೆ ಅದು ಕೊಟ್ಟ ತಪ್ಪು ಗೇಟ್‌ವೇಯಿಂದ ಕೆಟ್ಟಿದ್ದು ಪ್ಯಾಕೆಟ್‌ನ ದಾರಿ. ಅದಕ್ಕೆ ನೋವು ಕಾಣಿಸೋದು ಮೂರನೇ ಲೇಯರ್‌ನಲ್ಲಿ.

ಪ್ರಶ್ನೆ 4: ಪಿಂಗ್ ಬಂದರೆ ಎಲ್ಲಾ ಸರಿ ಅಂತಾನಾ?

ಅಲ್ಲ. ಪಿಂಗ್ ಟ್ರಾನ್ಸ್‌ಪೋರ್ಟ್ ಲೇಯರ್ ಮುಟ್ಟೋದೇ ಇಲ್ಲ. ಪಿಂಗ್ ಬಂದೂ ಟಿಸಿಪಿ ಪೋರ್ಟ್ 443 ತೆರೆಯದಿದ್ದರೆ ಪೇಜ್ ಬರಲ್ಲ. ನಮ್ಮ ಲ್ಯಾಬಿನಲ್ಲಿ ಸರ್ವರ್ ಪ್ರೋಗ್ರಾಂ ಓಡಿಸೋದು ಮರೆತಾಗ `Connection refused` ಬರುತ್ತೆ: ಯಂತ್ರ ಇದೆ, ಆ ಪೋರ್ಟಿನಲ್ಲಿ ಕೇಳುವವರಿಲ್ಲ. ಫೈರ್‌ವಾಲ್ ಸದ್ದಿಲ್ಲದೆ ಪ್ಯಾಕೆಟ್ ಬಿಸಾಕಿದರೆ ಕಾದು ಕಾದು `timed out` ಬರುತ್ತೆ. ಪವರ್‌ಶೆಲ್‌ನಲ್ಲಿ `Test-NetConnection` ಜೊತೆ ಸೈಟಿನ ಹೆಸರು, `-Port 443` ಕೊಟ್ಟು ನೋಡಬಹುದು. ತಂಗಿಗೆ `TcpTestSucceeded : True` ಬಂತು. ಉಲ್ಟಾನೂ ನೆನಪಿರಲಿ: ಕೆಲವು ಸರ್ವರ್ ಪಿಂಗ್‌ಗೆ ಉತ್ತರ ಕೊಡದೇ ಇದ್ದರೂ ಪೇಜ್ ಕೊಡುತ್ತವೆ.

ಪ್ರಶ್ನೆ 5: ಇಷ್ಟಾದ ಮೇಲೂ ಪೇಜ್ ಬರದಿದ್ದರೆ?

ನಮಗೂ ಬರಲಿಲ್ಲ! ಬ್ರೌಸರ್ `NET::ERR_CERT_DATE_INVALID` ಅಂತು. "ಮೂಲೆಯಲ್ಲಿ ತಾರೀಖು ಏನದ?" ಅಂದೆ. "2015 ಅಂತದ ಅಣ್ಣಾ." ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಸತ್ತಿತ್ತು. ಕರೆಂಟ್ ಹೋದಾಗ ಗಡಿಯಾರ ಹಿಂದಕ್ಕೆ ಹೋಯ್ತು. ಸೈಟಿನ ಸರ್ಟಿಫಿಕೇಟ್ 2015ರಲ್ಲಿ ಇನ್ನೂ ಶುರುವೇ ಆಗಿರಲಿಲ್ಲ, ಅದಕ್ಕೆ ಬ್ರೌಸರ್ ಒಪ್ಪಲಿಲ್ಲ. ಇದು ಅಪ್ಲಿಕೇಶನ್ ಕಡೆಯ ಫಾಲ್ಟ್. ತಾರೀಖು ಸರಿ ಮಾಡಿದಳು, ಪೇಜ್ ತೆರೀತು.

ಒಂದೇ ಕರೆಂಟ್ ಹೋಗಿದ್ದಕ್ಕೆ ಎರಡು ಲೇಯರ್‌ನಲ್ಲಿ ಎರಡು ಫಾಲ್ಟ್. ಮೊದಲನೇದು ಸರಿ ಮಾಡಿದಾಗ್ಲೂ ಪೇಜ್ ಬರಲಿಲ್ಲ, ಆದರೆ ಎರರ್ ಬದಲಾಗಿತ್ತು. ಮೊದಲು ಸೈಟ್ ಸಿಗ್ತಾನೇ ಇರಲಿಲ್ಲ, ಆಮೇಲೆ ಸಿಕ್ಕಿ ಸರ್ಟಿಫಿಕೇಟ್ ಹತ್ರ ನಿಂತಿತು. ಎರರ್ ಬದಲಾದರೆ ಒಂದು ಮೆಟ್ಟಿಲು ಹತ್ತಿದ್ದೀವಿ ಅಂತ ಅರ್ಥ. ತಂಗಿ ಅರ್ಜಿ ಕಳಿಸಿದಾಗ ರಾತ್ರಿ ಹನ್ನೊಂದು ದಾಟಿತ್ತು. ಹೊಸ ಸೆಲ್ ತರೋಕೆ ಕಾಕಾ ಮರುದಿನ ಹುಮನಾಬಾದಿಗೆ ಹೋದರು.